ಅಂಜಲ್ ತುಂಡಿನ ಲೆಕ್ಕ: ಆರು ವಾರದ ಬರಹ

ಮೊದಲ ವಾರ

ಮಂಗಳೂರಿನಲ್ಲಿ ನಮ್ಮದು ಸಣ್ಣ ಮೀನೂಟದ ಹೋಟೆಲು. ಅಡುಗೆಮನೆಯಲ್ಲಿ ಒಂಬತ್ತು ಜನ. ಬಂದದ್ದೆಷ್ಟು, ಬಿಲ್ಲಾದದ್ದೆಷ್ಟು ಅಂತ ತಾಳೆ ನೋಡಲು ಹೊರಟೆ. ಎಲ್ಲ ಸಾಮಾನಿನ ಲೆಕ್ಕ ಒಟ್ಟಿಗೆ ಹಿಡಿಯಲು ಹೋದರೆ ಎರಡೇ ದಿನಕ್ಕೆ ಕೈಬಿಡುತ್ತೇವೆ ಅಂತ ಗೊತ್ತಿತ್ತು. ಅದಕ್ಕೇ ಅಂಜಲ್ ಒಂದನ್ನೇ ಹಿಡಿದೆ. ದುಬಾರಿ ಮೀನು, ತುಂಡು ಎಣಿಸಬಹುದು, ಬಿಲ್ಲಿನಲ್ಲೂ ತುಂಡಿನ ಲೆಕ್ಕದಲ್ಲೇ ಬರುತ್ತದೆ.

ಸೋಮವಾರ ದಕ್ಕೆಯಿಂದ ಬಂದದ್ದು 6 ಕೆಜಿ 200 ಗ್ರಾಂ. ಐಸ್ ನೀರು ಬಸಿದ ಮೇಲೆ ನಮ್ಮ ತಕ್ಕಡಿಯಲ್ಲೇ ತೂಗಿದ್ದು. ತಲೆ, ಕಿವಿರು, ಹೊಟ್ಟೆ, ಬಾಲ ತೆಗೆದಾಗ 4 ಕೆಜಿ 700 ಗ್ರಾಂ ಉಳಿಯಿತು. ತಲೆ ಸಾರಿಗೆ ಹೋಯಿತು. ಬಾಲದ ಕಡೆಯ ಸಣ್ಣ ತುಂಡುಗಳೂ ಅಲ್ಲಿಗೇ. ತವಾ ಫ್ರೈಗೆ ಸುಮಾರು 100 ಗ್ರಾಮಿನ 42 ತುಂಡು ಸಿಕ್ಕಿತು. ಮಧ್ಯಾಹ್ನ ಮೂರೂವರೆಗೆ ನೋಡಿದರೆ ಬಿಲ್ಲಾದದ್ದು 33, ಉಳಿದದ್ದು 2. ಏಳು ತುಂಡು ಇಲ್ಲ! ಮರುದಿನ ಆರು, ಅದರ ಮರುದಿನ ಮತ್ತೆ ಏಳು.

ಆಗ ನಾನು ತಪ್ಪು ಮಾಡಿದೆ. ಗುರುವಾರ ರಾತ್ರಿ ಮನೆಗೆ ಹೊರಟವರ ಚೀಲ ನೋಡಲು ಹೇಳಿದೆ. ಚೀಲದಲ್ಲಿ ಬಟ್ಟೆ, ಒಬ್ಬರ ಮಾತ್ರೆ ಚೀಟಿ, ಖಾಲಿ ಡಬ್ಬಿ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿರುವ ಅಡುಗೆಯಣ್ಣ ಎರಡು ದಿನ ನನ್ನೊಟ್ಟಿಗೆ ಮಾತಾಡಲಿಲ್ಲ. ಶನಿವಾರ ಎಲ್ಲರ ಎದುರು ಕ್ಷಮೆ ಕೇಳಿದೆ, ಇನ್ನು ಯಾರ ಚೀಲವನ್ನೂ ಮುಟ್ಟುವುದಿಲ್ಲ ಅಂದೆ.

ಎರಡನೇ ವಾರ

ಅಣ್ಣನೇ ಬಾಯಿಬಿಟ್ಟರು. "ಧಣಿ, ತುಂಡು ಮುರಿದ್ರೆ ಸಂಬಳದಲ್ಲಿ ಹಿಡೀತೇವೆ ಅಂತ ನೀವೇ ಹೇಳಿದ್ದಲ್ವಾ? ಹುಡುಗರು ಮುರಿದದ್ದನ್ನು ಬಕೆಟಿಗೆ ಹಾಕಿ ಮೇಲೆ ಬಾಳೆಲೆ ಮುಚ್ತಾರೆ."

ಹೋದ ವರ್ಷ ನಾನೇ ಮಾಡಿದ ನಿಯಮ ಅದು. ದಂಡದ ಹೆದರಿಕೆಗೆ ಹಾಳಾದದ್ದೆಲ್ಲ ಕಣ್ಮರೆಯಾಗಿ, ಲೆಕ್ಕದಲ್ಲಿ ಕಳ್ಳತನದ ಹಾಗೆ ಕಾಣುತ್ತಿತ್ತು. ದಂಡವನ್ನು ಅವತ್ತೇ ತೆಗೆದೆ. ಒಲೆ ಪಕ್ಕ ಒಂದು ಸ್ಟೀಲ್ ತಟ್ಟೆ ಇಟ್ಟೆವು. ಮುರಿದದ್ದು, ಸೀದದ್ದು, ಗಿರಾಕಿ ವಾಪಸ್ ಕಳಿಸಿದ್ದು, ಎಲ್ಲ ಅದರಲ್ಲೇ ಬೀಳಬೇಕು. ಯಾರು ಹಾಕಿದರು ಅಂತ ಕೇಳುವುದಿಲ್ಲ.

ಮೊದಲ ದಿನವೇ ತಟ್ಟೆಯಲ್ಲಿ ಮೂರು ಮುರಿದ ತುಂಡು. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದು ಅಂಚು ಬೆರಳಿನಷ್ಟು ದಪ್ಪ, ಇನ್ನೊಂದು ಅದರ ಅರ್ಧ. ಕತ್ತಿ ಓರೆಯಾಗಿ ಬಿದ್ದಿದೆ. ತೆಳು ಅಂಚು ಬೇಗ ಬೆಂದು, ಮಗುಚುವಾಗ ಅಲ್ಲೇ ಕಳಚುತ್ತದೆ. ಇನ್ನೊಂದರ ಮಸಾಲೆ ತವಾಕ್ಕೆ ಅಂಟಿ ಬಂದಿತ್ತು. ನೀರು ಸರಿಯಾಗಿ ಒರೆಸಿಲ್ಲ, ಮೇಲಿಂದ ಅವಸರಕ್ಕೆ ಮಗುಚಿದ್ದು. ಈಗ ತುಂಡನ್ನು ಬಟ್ಟೆಯಲ್ಲಿ ಒತ್ತಿ ಒರೆಸಿ, ಮಸಾಲೆ ಹಚ್ಚಿ ಅರ್ಧ ಗಂಟೆ ಇಡುತ್ತೇವೆ. ತಾನಾಗಿ ತವಾ ಬಿಡುವ ತನಕ ಮಗುಚುವುದಿಲ್ಲ.

ಮೂರನೇ ವಾರ

ಕಾಣೆಯಾಗುತ್ತಿದ್ದ ಏಳರಲ್ಲಿ ಮೂರು ತಟ್ಟೆಯಲ್ಲಿ ಸಿಕ್ಕಿತು. ಇನ್ನುಳಿದ ನಾಲ್ಕರಲ್ಲಿ ಒಂದು ನನ್ನದೇ. ಬಂದ ಪರಿಚಯದವರಿಗೆ ಬಿಲ್ಲಿಲ್ಲದೆ ಊಟ ಕೊಡುತ್ತಿದ್ದೆ. ಈಗ ಅದನ್ನೂ ಪುಸ್ತಕದಲ್ಲಿ ಬರೆಯುತ್ತೇನೆ. ನನ್ನ ಹೆಸರು ಅದರಲ್ಲಿ ಕಂಡ ಮೇಲೆಯೇ ಹುಡುಗರಿಗೂ ಪುಸ್ತಕದ ಭಯ ಹೋದದ್ದು.

ಎರಡು ತುಂಡು ಹಸಿವಿಗೆ ಹೋಗುತ್ತಿತ್ತು. ಬೆಳಿಗ್ಗೆ ಆರಕ್ಕೆ ಬಂದವರಿಗೆ ಊಟ ಮೂರೂವರೆಗೆ, ಅದೂ ಉಳಿದ ಸಾರು. ಹನ್ನೆರಡೂವರೆಗೆ ಬಿಸಿ ಅಂಜಲ್ ಎದುರಿಗಿದ್ದರೆ ಯಾರಾದರೂ ತಿಂತಾರೆ. ಊಟವನ್ನು ಹನ್ನೊಂದೂಕಾಲಿಗೆ ತಂದೆವು. ಕುಚ್ಚಲಕ್ಕಿ ಗಂಜಿ, ಎರಡು ಕೆಜಿ ಬೂತಾಯಿಯ ಪುಳಿಮುಂಚಿ, ಒಂದು ಪಲ್ಯ. ಇದು ಅವರಿಗೆಂದೇ ಹೊಸದಾಗಿ ಮಾಡುವ ಅಡುಗೆ. ನಾನೂ ಅದನ್ನೇ ಅವರೊಟ್ಟಿಗೆ ಕೂತು ಉಣ್ಣುತ್ತೇನೆ. ಶನಿವಾರ ಎಲ್ಲರಿಗೂ ಒಂದೊಂದು ಅಂಜಲ್ ತುಂಡು, ಪುಸ್ತಕದಲ್ಲಿ ಬರೆದೇ.

ನಾಲ್ಕು, ಐದು

ಉಳಿದ ಸಾರನ್ನು ಮನೆಗೆ ಒಯ್ಯಲು ಬಿಟ್ಟೆ. ಒಂದೇ ವಾರದಲ್ಲಿ ಸಾರು ಜಾಸ್ತಿ ಉಳಿಯತೊಡಗಿತು. ಬೇಕೆಂದೇ ಮಾಡಿದರು ಅಂತ ನನಗೆ ಅನಿಸಲಿಲ್ಲ, ಸ್ವಲ್ಪ ಧಾರಾಳ ಕೈ ಅಷ್ಟೇ. ಈಗ ಹಿಂದಿನ ವಾರದ ಅದೇ ದಿನದ ಬಿಲ್ಲು ನೋಡಿ, ತೆಂಗಿನಕಾಯಿ ಎಷ್ಟು ಒಡೆಯಬೇಕು ಅಂತ ಬೆಳಿಗ್ಗೆ ಅಣ್ಣ ಮತ್ತು ನಾನು ಸೇರಿ ಬರೆಯುತ್ತೇವೆ. ಉಳಿದದ್ದನ್ನು ದಿನಕ್ಕೆ ಇಬ್ಬರಂತೆ ಸರದಿಯಲ್ಲಿ ಒಯ್ಯುತ್ತಾರೆ.

ಆರನೇ ವಾರ

ತುಂಡು ಎಣಿಸುವುದು ಈಗ ಮೀನು ಕೊಯ್ಯುವವರು ಮತ್ತು ಫ್ರೈ ಮಾಡುವವರು. ಇಬ್ಬರೂ ಎಣಿಸಿ ಬರೆದ ಮೇಲೆ ನಾನು ಬಿಲ್ಲಿನ ಸಂಖ್ಯೆ ಪಕ್ಕದಲ್ಲಿ ಬರೆಯುತ್ತೇನೆ. ಮೊದಲೇ ಹೇಳಿದರೆ ಸಂಖ್ಯೆ ಹೊಂದಿಸುವ ಆಸೆ ಬರುತ್ತದೆ. ತಟ್ಟೆಗೆ ಬೀಳುವುದು ದಿನಕ್ಕೆ ಒಂದು ತುಂಡು, ಲೆಕ್ಕ ಸಿಗದ್ದು ಒಂದು ಅಥವಾ ಸೊನ್ನೆ. ಆ ಒಂದನ್ನು ನಾನು ಹುಡುಕುವುದಿಲ್ಲ. ಮೂರು ದಿನದ್ದು ಒಟ್ಟು ಸೇರಿ ಮೂರು ದಾಟಿದರೆ ಮಾತ್ರ ಗಂಜಿ ಹೊತ್ತಿಗೆ ಎಲ್ಲರನ್ನೂ ಕೇಳುತ್ತೇನೆ.

ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ನಿಲ್ಲುತ್ತದೆ, ಬೂತಾಯಿಗೂ ರೇಟು ಏರುತ್ತದೆ. ಆ ಎರಡು ತಿಂಗಳು ಗಂಜಿಗೆ ಒಣಮೀನು ಚಟ್ನಿ ಮತ್ತು ಮೊಟ್ಟೆ ಆಗಬಹುದು ಅಂತ ಅಣ್ಣ ಹೇಳಿದ್ದಾರೆ. ಒಣಮೀನು ಈಗಲೇ ತಂದಿಡಬೇಕು.