ಮೈಲಿಗಲ್ಲು ತಪ್ಪಿಸಿದ ವೆಂಡರ್‌ಗೆ ಪತ್ರ: ದಿನಗಳ ಲೆಕ್ಕ ಬೇರೆ, ಕೆಲಸದ ಲೆಕ್ಕ ಬೇರೆ

ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಯಲ್ಲಿ ವೇ ಬ್ರಿಡ್ಜ್, ಭತ್ತದ ಖರೀದಿ, ಗೋದಾಮಿನ ಸ್ಟಾಕ್ ಮೂರನ್ನೂ ಒಂದೇ ಸಾಫ್ಟ್‌ವೇರಿಗೆ ತರುವ ಕೆಲಸ ಮುಂಗಾರಿನ ಭತ್ತ ಗೇಟಿಗೆ ಬರುವ ಮೊದಲೇ ಮುಗಿಯಬೇಕು. ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತ ಮೇಲೆ ಹೊಸ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ಆಗುವುದಿಲ್ಲ. ಹಾಗಾಗಿ ಗಡುವು ತಪ್ಪಿದಾಗ ಫೈನಾನ್ಸ್ ಮ್ಯಾನೇಜರ್ ಬರೆಯುವ ಪತ್ರದಲ್ಲಿ ಕೋಪಕ್ಕಿಂತ ಲೆಕ್ಕ ಇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಪ್ಪಂದ 18 ಲಕ್ಷ ರೂಪಾಯಿಯದು. ಎರಡನೇ ಮೈಲಿಗಲ್ಲು ವೇ ಬ್ರಿಡ್ಜ್ ಜೋಡಣೆ, ಅದರ ಪಾಲು 4.5 ಲಕ್ಷ. ಗಡುವು ಜುಲೈ 31, ಕೆಲಸ ಕೈಸೇರಿದ್ದು ಸೆಪ್ಟೆಂಬರ್ 9. ತಡ 40 ದಿನ. ಅದರ ಜೊತೆಗೇ ವೆಂಡರ್ ‘ಹೆಚ್ಚುವರಿ ಕೆಲಸ’ ಎಂದು 2.60 ಲಕ್ಷದ ಬಿಲ್ಲನ್ನೂ ಕಳಿಸಿದ್ದಾರೆ.

ಮೊದಲು 40 ದಿನಗಳನ್ನು ಒಡೆದು ನೋಡಬೇಕು. ಕಾಟಾದ ಇಂಡಿಕೇಟರ್‌ನ ಸೀರಿಯಲ್ ಪೋರ್ಟ್ ತೆರೆಸಿಕೊಡುವುದು ಗಿರಣಿಯ ಜವಾಬ್ದಾರಿ, ಅದನ್ನು 12 ದಿನ ತಡವಾಗಿ ಕೊಟ್ಟಿದ್ದೇವೆ ಎಂದುಕೊಳ್ಳಿ. ಅದನ್ನು ಪತ್ರದಲ್ಲಿ ನಾವೇ ಮೊದಲು ಬರೆಯಬೇಕು. ಬಚ್ಚಿಟ್ಟರೆ ಅವರು ಆ ಇಮೇಲ್ ತೋರಿಸುತ್ತಾರೆ, ಆಮೇಲೆ ಉಳಿದ ದಿನಗಳ ಲೆಕ್ಕವನ್ನೂ ಯಾರೂ ನಂಬುವುದಿಲ್ಲ. ಉಳಿದದ್ದು 28 ದಿನ, ಅಂದರೆ 4 ವಾರ. ಒಪ್ಪಂದದಲ್ಲಿ ವಾರಕ್ಕೆ ಶೇ. 0.5ರಷ್ಟು ತಡದ ಪರಿಹಾರ ಇದ್ದರೆ, ಆ ಮೈಲಿಗಲ್ಲಿನ ಮೇಲೆ 9,000 ರೂಪಾಯಿ ಆಗುತ್ತದೆ. ಮೊತ್ತ ಸಣ್ಣದು. ಆದರೆ ಈಗ ಬರೆದಿಡದಿದ್ದರೆ ಮೂರನೇ ಮೈಲಿಗಲ್ಲಿನ ಹೊತ್ತಿಗೆ ಕೇಳಲು ಬಾಯಿ ಇರುವುದಿಲ್ಲ. ಭಾರತೀಯ ಕರಾರು ಕಾಯ್ದೆ, 1872ರ 55ನೇ ಕಲಮು ಹೇಳುವುದು ಇದನ್ನೇ: ಸಮಯವೇ ಮುಖ್ಯವಾದ ಕರಾರಿನಲ್ಲಿ ತಡವಾಗಿ ಬಂದದ್ದನ್ನು ಸ್ವೀಕರಿಸುವಾಗ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿದ್ದೇವೆ ಎಂದು ತಿಳಿಸದಿದ್ದರೆ, ಆ ತಡಕ್ಕೆ ಆಮೇಲೆ ಪರಿಹಾರ ಕೇಳಲಾಗದು. ‘ಓಕೆ, ಬಂತು, ಥ್ಯಾಂಕ್ಸ್’ ಎಂದು ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾಗುವುದು ಇಲ್ಲಿ ದುಬಾರಿ ಬೀಳುತ್ತದೆ.

ಇನ್ನು 2.60 ಲಕ್ಷದ ಬಿಲ್. ಇದನ್ನು ಒಟ್ಟಾಗಿ ಒಪ್ಪುವುದೂ ತಪ್ಪು, ಒಟ್ಟಾಗಿ ತಳ್ಳುವುದೂ ತಪ್ಪು. ಒಳಗೆ ಮೂರು ಬಾಬ್ತು ಇವೆ. ತೇವಾಂಶ ಕಡಿತ, 90,000: ಒಪ್ಪಂದದ ಅನುಬಂಧದಲ್ಲಿ ‘ತೇವಾಂಶ ಕಡಿತ ಸೇರಿದ ಖರೀದಿ ಬಿಲ್’ ಎಂದೇ ಬರೆದಿದ್ದರೆ ಇದು ಹೆಚ್ಚುವರಿ ಅಲ್ಲ. ಖಾಲಿ ಗಾಡಿ ತೂಕದ ತಿದ್ದುಪಡಿ, 40,000: ತುಂಬಿದ ತೂಕ 14,200 ಕೆಜಿ, ಖಾಲಿ ತೂಕ 5,100, ನಿವ್ವಳ 9,100 ಬರಬೇಕಿತ್ತು. ಸಾಫ್ಟ್‌ವೇರ್ ಖಾಲಿ ತೂಕವನ್ನು ಎರಡು ಸಲ ಕಳೆದು 4,000 ತೋರಿಸುತ್ತಿದೆ. ಇದು ಅವರ ದೋಷ, ದುರಸ್ತಿಗೆ ಹಣ ಕೊಡುವಂತಿಲ್ಲ.

ಮೂರನೆಯದು ಹಮಾಲಿ ಲೆಕ್ಕದ ಪುಟ, 1.30 ಲಕ್ಷ. ಇದು ನಿಜವಾಗಿಯೂ ಹೊಸ ಕೆಲಸ. ಆಗಸ್ಟ್ 20ರಂದು ನಮ್ಮ ಗೋದಾಮಿನವರೇ ವಾಟ್ಸಾಪ್‌ನಲ್ಲಿ ಕೇಳಿದ್ದು. ಲಿಖಿತ ಅನುಮತಿ ಇಲ್ಲ ಎಂಬ ನೆಪದಲ್ಲಿ ಪುಟವನ್ನು ಬಳಸುತ್ತಲೇ ಹಣ ನಿರಾಕರಿಸುವುದು ನ್ಯಾಯವಲ್ಲ. ಪುಕ್ಕಟೆಯಾಗಿ ಮಾಡದ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು ಎನ್ನುವ ಅದೇ ಕಾಯ್ದೆಯ 70ನೇ ಕಲಮನ್ನು ಅವರು ನಮ್ಮ ವಿರುದ್ಧ ಎತ್ತಲೂಬಹುದು. ತಾಸಿನ ಲೆಕ್ಕ ಕೇಳಿ, ದರ ಮಾತಾಡಬೇಕು. ಆದರೆ ಆಗಸ್ಟ್ 20ರ ಬೇಡಿಕೆ ಜುಲೈ 31ರ ಗಡುವು ತಪ್ಪಲು ಕಾರಣವಾಗಲಾರದು. ಆ ನಂತರದ ದಿನಗಳನ್ನು ಅದು ತಿಂದಿದ್ದರೆ ಟೈಮ್‌ಶೀಟ್ ತೋರಿಸಲಿ, ಅಷ್ಟು ದಿನ 28ರಲ್ಲಿ ಕಳೆಯೋಣ.

ಪತ್ರದ ಮುಖ್ಯ ಭಾಗ ಹೀಗಿರಬಹುದು:

> ಮಾನ್ಯರೇ,
> ಎರಡನೇ ಮೈಲಿಗಲ್ಲಿನ ಕೆಲಸ ಸೆಪ್ಟೆಂಬರ್ 9ರಂದು ಕೈಸೇರಿದೆ. ಒಟ್ಟು ತಡ 40 ದಿನ, ಅದರಲ್ಲಿ 12 ದಿನ ನಮ್ಮ ಕಡೆಯದು. ಉಳಿದ 28 ದಿನಗಳಿಗೆ ಒಪ್ಪಂದದ ಪ್ರಕಾರ ಪರಿಹಾರ ಕೇಳುವ ಹಕ್ಕನ್ನು ಉಳಿಸಿಕೊಂಡೇ ಅದನ್ನು ಸ್ವೀಕರಿಸುತ್ತಿದ್ದೇವೆ. ಖಾಲಿ ತೂಕದ ದೋಷ ಇನ್ನೂ ಇದೆ, ಮಾದರಿ ಚೀಟಿ ಲಗತ್ತಿಸಿದೆ.
> ಹೆಚ್ಚುವರಿ ಬಿಲ್ಲಿನ ಮೊದಲ ಎರಡು ಬಾಬ್ತು ಒಪ್ಪುವುದಿಲ್ಲ. ಹಮಾಲಿ ಪುಟಕ್ಕೆ ತಾಸಿನ ವಿವರ ಕಳಿಸಿ.
> ಇನ್ನು ಮುಂದೆ ನಮ್ಮ ಸಿಬ್ಬಂದಿ ಯಾರೇ ಹೊಸ ಕೆಲಸ ಕೇಳಿದರೂ, ಬೆಲೆ ಮತ್ತು ಹೆಚ್ಚುವರಿ ದಿನ ಬರೆದು ನನ್ನ ಸಹಿ ಪಡೆಯದೆ ಆರಂಭಿಸಬೇಡಿ.

ಈ ಪತ್ರ ಸೆಪ್ಟೆಂಬರ್ 24ರೊಳಗೆ ಹೋಗಬೇಕು. ವೆಂಡರ್ ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಆಕ್ಷೇಪವನ್ನು ಕೆಲಸ ಕೈಸೇರಿದ 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ಕೈಸೇರಿದ ದಿನವೇ ಸ್ವೀಕಾರದ ದಿನವಾಗಿ ಪಾವತಿಯ ಗಡುವು ಓಡತೊಡಗುತ್ತದೆ. ಆದರೆ ಆಕ್ಷೇಪ ಇಲ್ಲದ ಭಾಗದ ಹಣವನ್ನು ತಡೆಹಿಡಿಯಬೇಡಿ.

ಪ್ರಾಜೆಕ್ಟ್ ಲೀಡ್‌ಗೆ ಇಮೇಲ್ ಮಾಡಿದರಷ್ಟೇ ಸಾಲದು. ಒಪ್ಪಂದದಲ್ಲಿ ನೋಟಿಸ್ ಕಳಿಸಬೇಕಾದ ವಿಳಾಸ ಯಾವುದೆಂದು ನೋಡಿ, ಸಹಿ ಮಾಡಿದವರ ಹೆಸರಿಗೆ ನೋಂದಣಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪ್ರತಿ ಹಾಕಿ, ಅದರ ರಸೀದಿಯನ್ನು ಒಪ್ಪಂದದ ಫೈಲಿನಲ್ಲೇ ಇಡಿ.