ಶೇಕಡಾ, ಸಿಜಿಪಿಎ, ರ‍್ಯಾಂಕ್: ಪ್ರವೇಶ ಸಮಿತಿ ಯಾವುದನ್ನು ಹೇಗೆ ಓದುತ್ತದೆ?

“ಸರ್, ವಿಟಿಯುನಲ್ಲಿ ನನ್ನ ಸಿಜಿಪಿಎ 7.55, ಅಂದರೆ ಶೇಕಡಾ 68. ಹೊರದೇಶದಲ್ಲಿ ಎಂಎಸ್‌ಗೆ ಅರ್ಜಿ ಹಾಕುವಾಗ ಯಾವುದನ್ನು ಕೊಟ್ಟರೆ ಒಳ್ಳೆಯದು? ರ‍್ಯಾಂಕ್ ಇಲ್ಲದಿದ್ದರೆ ತೊಂದರೆಯೇ?”

ಅಂಕಪಟ್ಟಿಯಲ್ಲಿ ಏನಿದೆಯೋ ಅದನ್ನೇ ಕೊಡಿ. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ಇದನ್ನೇ ಕೇಳುತ್ತವೆ, ಅದಕ್ಕೆ ಕಾರಣವೂ ಇದೆ. ಅಮೆರಿಕದ 4ರ ಜಿಪಿಎ ಅಳತೆಗೆ ತರಲೆಂದು 68ನ್ನು 25ರಿಂದ ಭಾಗಿಸಿ ತಾವೇ 2.72 ಎಂದು ಬರೆದುಕೊಳ್ಳುವವರು, ಅಲ್ಲಿ ಸಾಮಾನ್ಯವಾಗಿ ಬಯಸುವ 3.0ಕ್ಕಿಂತ ಕೆಳಗೆ ತಮ್ಮನ್ನು ತಾವೇ ಇಳಿಸಿಕೊಂಡಂತೆ. ನಮ್ಮಲ್ಲಿ 60ಕ್ಕೇ ಪ್ರಥಮ ದರ್ಜೆ, 90 ಅಪರೂಪ ಎಂಬುದನ್ನು ಭಾರತದ ಅರ್ಜಿಗಳನ್ನು ಓದಿ ಪಳಗಿದ ಸಮಿತಿ ಬಲ್ಲದು.

ನಿಜವಾದ ತೊಡಕು ಇರುವುದು ಜರ್ಮನಿಯಲ್ಲಿ, ಏಕೆಂದರೆ ಅಲ್ಲಿ ಸಮಿತಿಯ ತೀರ್ಮಾನಕ್ಕಿಂತ ಮೊದಲು, ಹೊರದೇಶದ ಅಂಕವನ್ನು ಜರ್ಮನ್ ಗ್ರೇಡಿಗೆ ಬದಲಿಸುವ ಬವೇರಿಯನ್ ಸೂತ್ರ ಕೆಲಸ ಮಾಡುತ್ತದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಗರಿಷ್ಠ ಮತ್ತು ಕನಿಷ್ಠ ತೇರ್ಗಡೆಯ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿಸುತ್ತಾರೆ. 1 ಅತ್ಯುತ್ತಮ, 4 ಬರಿಯ ತೇರ್ಗಡೆ. ನಿಮ್ಮ ಎರಡೂ ಸಂಖ್ಯೆಗಳನ್ನು ಹಾಕಿ ನೋಡೋಣ.

```
1 + 3 × (100 − 68) ÷ (100 − 40) = 2.6
1 + 3 × (10 − 7.55) ÷ (10 − 4) = 2.225
```

ಓದಿದ್ದು ಒಂದೇ, ಪರೀಕ್ಷೆ ಒಂದೇ, ಆದರೂ 2.5ರ ಮಿತಿ ಇಟ್ಟಿರುವ ಕೋರ್ಸಿನಲ್ಲಿ ಮೊದಲನೆಯದು ಹೊರಗುಳಿಯುತ್ತದೆ, ಎರಡನೆಯದು ಒಳಗೆ ಹೋಗುತ್ತದೆ. ಈ ಅಂತರ ಹುಟ್ಟುವುದು ನಮ್ಮ ಗ್ರೇಡ್ ಪದ್ಧತಿಯಿಂದಲೇ. 2018ರ ಸ್ಕೀಮ್‌ನಲ್ಲಿ 70 ಪಡೆದವನಿಗೂ 79 ಪಡೆದವನಿಗೂ ಗ್ರೇಡ್ ಪಾಯಿಂಟ್ 8 ಆದ್ದರಿಂದ ಸಿಜಿಪಿಎ ನಿಜವಾದ ಅಂಕಕ್ಕಿಂತ ಸ್ವಲ್ಪ ಮೇಲೆಯೇ ನಿಲ್ಲುತ್ತದೆ; ಅದನ್ನು ಸರಿದೂಗಿಸಲೆಂದೇ ಆ ಸ್ಕೀಮ್‌ನ ಪರಿವರ್ತನೆಯಲ್ಲಿ 0.75 ಕಳೆದು ಹತ್ತರಿಂದ ಗುಣಿಸುತ್ತಾರೆ. ಆದಕಾರಣ ಆ ವಿಶ್ವವಿದ್ಯಾಲಯ ಯಾವ ಸಂಖ್ಯೆಯನ್ನು ಸೂತ್ರಕ್ಕೆ ಹಾಕುತ್ತದೆಂದು ಅರ್ಜಿಗೆ ಮೊದಲೇ ಬರೆದು ಕೇಳಿಕೊಳ್ಳಿ. ನಿಮ್ಮ ಸ್ಕೀಮ್‌ಗೆ ವಿಶ್ವವಿದ್ಯಾಲಯವೇ ಕೊಟ್ಟ ಸೂತ್ರ ಬಿಟ್ಟು ಬೇರೆಯದನ್ನು ಬಳಸಿದರೆ ಅಂಕಪಟ್ಟಿಗೂ ಅರ್ಜಿಗೂ ತಾಳೆಯಾಗದೆ, ಇಲ್ಲದ ಅನುಮಾನಕ್ಕೆ ಎಡೆಯಾಗುತ್ತದೆ.

ರ‍್ಯಾಂಕ್ ಇಲ್ಲದಿರುವುದು ದೋಷವಲ್ಲ. ಹೆಚ್ಚಿನವರಿಗೆ ಅದು ಇರುವುದೇ ಇಲ್ಲ. ಆದರೆ 68 ಎಂಬುದು ಕಟ್ಟುನಿಟ್ಟಾಗಿ ಅಂಕ ಕೊಡುವ ಕಾಲೇಜಿನದೋ ಧಾರಾಳಿ ಕಾಲೇಜಿನದೋ ಎಂದು ಹೊರಗಿನವರಿಗೆ ತಿಳಿಯುವ ನೇರವಾದ ದಾರಿ ರ‍್ಯಾಂಕೇ, ಅದೂ ಎಷ್ಟು ಜನರಲ್ಲಿ ಎಂದು ಹೇಳಿದಾಗ ಮಾತ್ರ. “5ನೇ ಸ್ಥಾನ” ಎಂದಷ್ಟೇ ಇದ್ದರೆ ತರಗತಿಯಲ್ಲಿ ಏಳು ಜನರಿದ್ದರೋ ನೂರಿಪ್ಪತ್ತು ಜನರಿದ್ದರೋ ತಿಳಿಯದು. ಪ್ರಾಂಶುಪಾಲರಿಂದ ಪತ್ರ ಪಡೆಯುವುದಾದರೆ ಸ್ಥಾನ, ಒಟ್ಟು ವಿದ್ಯಾರ್ಥಿಗಳು, ಅದು ನಿಮ್ಮ ವಿಭಾಗದ ಲೆಕ್ಕವೋ ಇಡೀ ವಿಶ್ವವಿದ್ಯಾಲಯದ್ದೋ, ಈ ಮೂರನ್ನೂ ಬರೆಸಿಕೊಳ್ಳಿ. ಅದು ಸಿಗದಿದ್ದರೆ, ಪಾಠ ಮಾಡಿದ ಪ್ರಾಧ್ಯಾಪಕರು ಶಿಫಾರಸು ಪತ್ರದಲ್ಲಿ ಅದೇ ಮಾತನ್ನು ಸಂಖ್ಯೆಯೊಂದಿಗೆ ಬರೆಯಬಹುದು.