ಶಶಿ ಅವರೇ ಅಂದರೆ ಸಾಕು

"ಹೆಸರು ಕಿರಣ್, ಶಶಿ ಅಂತ ಇರುತ್ತೆ. ಗಂಡಸೋ ಹೆಂಗಸೋ ಗೊತ್ತಾಗಲ್ಲ. ಏನಂತ ಕರೀಬೇಕು? ಸರ್ ಅನ್ಲಾ, ಮೇಡಂ ಅನ್ಲಾ?"

ಎರಡೂ ಬೇಡ. ಹೆಸರು ಹೇಳಿ, ಪಕ್ಕದಲ್ಲಿ 'ಅವರೇ' ಸೇರಿಸಿ. ನಂತರ 'ನೀವು' ಅಂತ ಮಾತಾಡಿ. ಕೆಲಸ ಮುಗಿಯಿತು.

ನಾನು ಜಯನಗರದ ಒಂದು ಆಫೀಸಿನಲ್ಲಿ ಗ್ರಾಹಕರಿಗೆ ಹೋಗುವ ಕನ್ನಡ ಪತ್ರಗಳನ್ನು, ಮೆಸೇಜುಗಳನ್ನು ತಿದ್ದುತ್ತೇನೆ. ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಈ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಮದುವೆಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಎಲ್ಲರಿಗೂ ಬೇಕಿರುವುದು ಹೆಸರು ನೋಡಿ ಕಂಡುಹಿಡಿಯುವ ಉಪಾಯ. ಅಂಥ ಉಪಾಯ ಇಲ್ಲ, ಬೆಂಗಳೂರಿನಲ್ಲಂತೂ ಇಲ್ಲವೇ ಇಲ್ಲ.

ಕಿರಣ್ ಅಂದರೆ ನಮ್ಮ ಕಡೆ ಹುಡುಗನ ಹೆಸರು. ಆದರೆ ಇದೇ ಊರಿನ ಕಿರಣ್ ಮಜುಂದಾರ್ ಶಾ ಹೆಂಗಸು, ಕಿರಣ್ ಬೇಡಿ ಹೆಂಗಸು. ಜ್ಯೋತಿ ನಮಗೆ ಹುಡುಗಿ. ಬಂಗಾಳದಲ್ಲಿ 1977 ರಿಂದ 2000 ರವರೆಗೆ ಮುಖ್ಯಮಂತ್ರಿ ಆಗಿದ್ದ ಜ್ಯೋತಿ ಬಸು ಗಂಡಸು. ಪಂಜಾಬಿನ ಹರ್‌ಪ್ರೀತ್, ಗುರ್‌ಪ್ರೀತ್, ಮನ್‌ಜೀತ್ ಎಲ್ಲವೂ ಇಬ್ಬರಿಗೂ ಇಡುವ ಹೆಸರುಗಳೇ. ಅಲ್ಲಿ ಸಾಮಾನ್ಯವಾಗಿ ಮುಂದಿನ ಸಿಂಗ್ ಅಥವಾ ಕೌರ್ ನೋಡಿದರೆ ಗೊತ್ತಾಗುತ್ತದೆ. ನಮ್ಮಲ್ಲಿ ಮುಂದೆ ಇರುವುದು ಬರೀ ಇನಿಷಿಯಲ್. 'ಶಶಿ ಎಂ.' ಎನ್ನುವುದರಲ್ಲಿ ಎಂ. ಅಪ್ಪನ ಹೆಸರೋ ಊರಿನ ಹೆಸರೋ ಇರಬಹುದು. ಅದರಿಂದ ಏನು ತಿಳಿಯುತ್ತದೆ ಹೇಳಿ?

ಮೊದಲು ಇಷ್ಟು ಗೊಂದಲ ಇರಲಿಲ್ಲ. ನಮ್ಮ ಹಳೆಯ ಹೆಸರುಗಳನ್ನು ನೋಡಿ. ಕೆಂಪಯ್ಯ, ಕೆಂಪಮ್ಮ. ನಿಂಗಪ್ಪ, ನಿಂಗವ್ವ. ರಂಗಣ್ಣ, ರಂಗಮ್ಮ. ಬುಡದಲ್ಲಿರುವ ಕೆಂಪು, ನಿಂಗ, ರಂಗ ಇಬ್ಬರಿಗೂ ಸೇರಿದ್ದು. ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದುದು ಬಾಲದಲ್ಲಿರುವ ಅಯ್ಯ, ಅಪ್ಪ, ಅಣ್ಣ, ಅಮ್ಮ, ಅವ್ವ. ಈಗ ಬಾಲ ಹಳ್ಳಿಯದು ಅನ್ನಿಸಿ ಕತ್ತರಿಸಿಬಿಟ್ಟಿದ್ದೇವೆ. ಮುದ್ದಿಗೆ ಮೊಟಕು ಮಾಡುವುದೂ ಜಾಸ್ತಿಯಾಗಿದೆ. ಮಂಜುನಾಥನೂ ಮಂಜು, ಮಂಜುಳಾನೂ ಮಂಜು. ಶಶಿಧರನೂ ಶಶಿ, ಶಶಿಕಲಾನೂ ಶಶಿ. ವಾಟ್ಸಾಪಿನಲ್ಲಿ ಕಾಣುವುದು ಅಷ್ಟೇ.

ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಇನ್ನೊಂದು ತೊಡಕು. Vijaya ಅಂತ ಇದ್ದರೆ ವಿಜಯನೋ ವಿಜಯಾಳೋ ತಿಳಿಯುವುದಿಲ್ಲ. Chetana ಕತೆಯೂ ಅದೇ. ಕನ್ನಡದಲ್ಲೇ ಬರೆಸಿ ಅಂತೀರಾ? ಅದೂ ಪೂರ್ತಿ ಉಳಿಸುವುದಿಲ್ಲ. ಹೆಂಗಸರ ಹೆಸರಿನ ಕೊನೆಯ ದೀರ್ಘವನ್ನು ನಾವು ಸುಮ್ನೆ ಬಿಟ್ಟುಬಿಡುತ್ತೇವೆ, ಗೀತಾ ಹೋಗಿ ಗೀತ ಆಗುತ್ತದೆ, ವಿಜಯಾ ಹೋಗಿ ವಿಜಯ ಆಗುತ್ತದೆ. ಇನ್ನು ಬೀದಿಯಲ್ಲಿ ಆಡುತ್ತಿರುವ ಹುಡುಗನನ್ನು ಅವರಮ್ಮ ಊಟಕ್ಕೆ ಕರೆದರೆ 'ವಿಜಯಾ' ಅಂತ ಎಳೆದೇ ಕರೆಯುತ್ತಾರೆ. ಬರೆಯುವಾಗ ಹುಡುಗಿಯ ದೀರ್ಘ ಹೋಯಿತು, ಕೂಗುವಾಗ ಹುಡುಗನಿಗೆ ದೀರ್ಘ ಬಂತು!

ಆದ್ದರಿಂದ ಊಹೆಯ ದಾರಿ ಬಿಟ್ಟು ವ್ಯಾಕರಣದ ದಾರಿ ಹಿಡಿಯೋಣ. ಇಲ್ಲಿ ಕನ್ನಡ ನಮ್ಮ ಕೈ ಹಿಡಿಯುತ್ತದೆ. ಕನ್ನಡದ ಕ್ರಿಯಾಪದದಲ್ಲಿ ಗಂಡು ಹೆಣ್ಣು ಕಾಣಿಸುವುದು ಒಂದೇ ಜಾಗದಲ್ಲಿ. ಎದುರಿಗಿಲ್ಲದ ಒಬ್ಬರ ಬಗ್ಗೆ ಏಕವಚನದಲ್ಲಿ ಹೇಳುವಾಗ: ಬಂದನು, ಬಂದಳು. ಅದು ಬಿಟ್ಟರೆ ಎಲ್ಲೂ ಇಲ್ಲ. 'ನಾನು ಬಂದೆ' ಅಂದರೆ ಬಂದವರು ಯಾರೂ ಆಗಬಹುದು. ಈ ಬರಹ ಇಲ್ಲಿಯವರೆಗೆ ಓದಿದ್ದೀರಿ, ನಾನು ಗಂಡೋ ಹೆಣ್ಣೋ ನಿಮಗೆ ಗೊತ್ತಾಗಿಲ್ಲ, ಅಲ್ವಾ? 'ನೀವು ಬಂದಿರಿ' ಅಂದರೂ ಹಾಗೇ, ಸಲಿಗೆಯಲ್ಲಿ 'ನೀನು ಬಂದೆ' ಅಂದರೂ ಹಾಗೇ. ಇನ್ನು ಎದುರಿಗಿಲ್ಲದವರಿಗೆ ಮರ್ಯಾದೆ ಕೊಟ್ಟು 'ಅವರು ಬಂದರು' ಅಂದ ಕೂಡಲೇ ಆ ಒಂದು ಜಾಗವೂ ಮುಚ್ಚಿಹೋಗುತ್ತದೆ. ಹಿಂದಿಯಲ್ಲಿ ಈ ಸೌಕರ್ಯ ಇಲ್ಲ. 'ಆಪ್' ಅಂತ ಎಷ್ಟೇ ಮರ್ಯಾದೆ ಕೊಟ್ಟರೂ 'ಆಯೇಂಗೇ'ನೋ 'ಆಯೇಂಗೀ'ನೋ ಒಂದನ್ನು ಆರಿಸಲೇಬೇಕು. ನಮಗೆ 'ಬರ್ತೀರಾ?' ಸಾಕು.

ಹಾಗಾದರೆ ತಪ್ಪು ಎಲ್ಲಿ ಆಗುತ್ತದೆ? ನಾವೇ ಮೇಲಿಂದ ಅಂಟಿಸುವ ಮಾತುಗಳಲ್ಲಿ. ನಮ್ಮ ಆಫೀಸಿನಿಂದ ಹೋದ ಒಂದು ಮೆಸೇಜು ಹೀಗಿತ್ತು. ಗ್ರಾಹಕರ ಹೆಸರು ಶಶಿ ಎಂ. ಅಂತ ಇಟ್ಟುಕೊಳ್ಳಿ, ನಿಜವಾದ ಹೆಸರು ಬೇರೆ.

"ಶ್ರೀ ಶಶಿ ಎಂ., ನೀವು ನಮ್ಮ ಹಳೆಯ ಗ್ರಾಹಕ. ನೀರಿನ ಫಿಲ್ಟರಿನ ಬಗ್ಗೆ ನಿಮ್ಮ ದೂರು ತಲುಪಿದೆ. ಮೆಕ್ಯಾನಿಕ್ ನಾಳೆ ಬರುತ್ತಾನೆ. ಧನ್ಯವಾದ ಸರ್."

ಅದೇ ದಿನ ಸಂಜೆ ಫೋನ್ ಬಂತು. ಶಶಿ ಎಂ. ರಿಟೈರ್ ಆದ ಮೇಡಂ, ದನಿಯಲ್ಲಿ ಕ್ಲಾಸ್‌ರೂಮಿನ ಗತ್ತು. ನಮ್ಮವರು ಕ್ಷಮೆ ಕೇಳಿ, ಹೆಸರಿನ ಹಿಂದೆ ಇದ್ದ 'ಶ್ರೀ' ತೆಗೆದು 'ಶ್ರೀಮತಿ' ಹಾಕಿ ಮತ್ತೆ ಕಳಿಸಿದರು. ಹತ್ತೇ ನಿಮಿಷದಲ್ಲಿ ಮತ್ತೆ ಫೋನ್. "ಮಧ್ಯಾಹ್ನ ಗಂಡಸು ಮಾಡಿದ್ರಿ. ಈಗ ಮದುವೇನೂ ಮಾಡಿಬಿಟ್ರಾ?" ಅವರಿಗೆ ಮದುವೆ ಆಗಿರಲಿಲ್ಲ. ಅರವತ್ತು ದಾಟಿದವರಿಗೆ 'ಕುಮಾರಿ' ಅಂತ ಬರೆಯಲು ಯಾರಿಗೂ ಧೈರ್ಯ ಬರಲಿಲ್ಲ. ಆಗ ಆ ಮೆಸೇಜು ನನ್ನ ಮೇಜಿಗೆ ಬಂತು.

ಅದರಲ್ಲಿ ನಾಲ್ಕು ಕಡೆ ಊಹೆ ಇತ್ತು. 'ಶ್ರೀ' ಮತ್ತು 'ಸರ್' ಎಲ್ಲರ ಕಣ್ಣಿಗೂ ಬೀಳುತ್ತವೆ, ಅವೆರಡನ್ನೂ ಹೊಡೆದು ಹಾಕಿದೆ. ಮೂರನೆಯದು 'ಗ್ರಾಹಕ'. ಇಂಥ ಪದಗಳು ಮೆಲ್ಲಗೆ ನುಸುಳುತ್ತವೆ. ಗ್ರಾಹಕ, ಲೇಖಕ, ಶಿಕ್ಷಕ, ಹೊಸಬ, ಒಬ್ಬ, ಎಲ್ಲವೂ ಗಂಡಸಿನ ರೂಪ. ಕೊನೆಗೆ 'ರು' ಸೇರಿಸಿ ಗ್ರಾಹಕರು, ಶಿಕ್ಷಕರು, ಹೊಸಬರು, ಒಬ್ಬರು ಅಂದರೆ ಸರಿಹೋಗುತ್ತದೆ. ನಾಲ್ಕನೆಯದನ್ನು ಯಾರೂ ಗಮನಿಸಿರಲಿಲ್ಲ. ಮೆಕ್ಯಾನಿಕ್ 'ಬರುತ್ತಾನೆ' ಅಂತ ಯಾರು ಹೇಳಿದರು? ನಾಳೆ ಯಾರ ಡ್ಯೂಟಿ ಅಂತ ಮೆಸೇಜು ಬರೆದವರಿಗೇ ಗೊತ್ತಿರಲಿಲ್ಲ. ಯಾರೇ ಆದರೂ ಆ ಏಕವಚನ ಒರಟು. ತಿದ್ದಿದ ಮೇಲೆ ಹೀಗಾಯಿತು:

"ಶಶಿ ಎಂ. ಅವರೇ, ನಮಸ್ಕಾರ. ನೀವು ನಮ್ಮ ಹಳೆಯ ಗ್ರಾಹಕರು. ನೀರಿನ ಫಿಲ್ಟರಿನ ಬಗ್ಗೆ ನಿಮ್ಮ ದೂರು ತಲುಪಿದೆ. ಮೆಕ್ಯಾನಿಕ್ ನಾಳೆ ಬರುತ್ತಾರೆ. ಧನ್ಯವಾದ."

ಎಲ್ಲಾದರೂ ಬಿಗಿ ಅನ್ನಿಸುತ್ತದಾ? ನನಗೆ ಅನ್ನಿಸುವುದಿಲ್ಲ. ಹೆಸರೇ ಗೊತ್ತಿಲ್ಲದಿದ್ದರೆ 'ಮಾನ್ಯರೇ' ಇದ್ದೇ ಇದೆ, ಅದೂ ಇಬ್ಬರಿಗೂ ನಡೆಯುತ್ತದೆ. 'ಆತ', 'ಆಕೆ' ಮಾತ್ರ ಬೇಡ. ಪೇಪರು ಓದಿ ಓದಿ ಅವು ನಡುವಿನ ಮರ್ಯಾದೆಯ ಪದ ಅಂತ ಕೆಲವರು ಬಳಸುತ್ತಾರೆ, ಆದರೆ ಗಂಡು ಹೆಣ್ಣು ಅಲ್ಲಿ ಮತ್ತೆ ಬಂದುಬಿಡುತ್ತದೆ.

ಫೋನಿನಲ್ಲಿ ಬೇರೆ ತರಹದ ತಪ್ಪು. ದನಿ ಕೇಳಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ. ತೆಳು ದನಿಯ ಗಂಡಸರಿದ್ದಾರೆ, ಗಡಸು ದನಿಯ ಹೆಂಗಸರಿದ್ದಾರೆ, ನೆಗಡಿಯಾದರೆ ಯಾರ ದನಿಯೂ ಯಾರದ್ದೋ ಆಗುತ್ತದೆ. ಇದಕ್ಕಿಂತ ಕೆಟ್ಟದ್ದು, ಹೆಣ್ಣು ದನಿ ಕೇಳಿದ ಕೂಡಲೇ "ಯಜಮಾನ್ರನ್ನ ಕರೀತೀರಾ?" ಅನ್ನುವುದು. ಶಶಿ ಅಂದರೆ ಅವರೇ ಆಗಿರಬಹುದು. "ನಮಸ್ಕಾರ, ಶಶಿ ಅವರ ಜೊತೆ ಮಾತಾಡಬಹುದಾ?" ಅಂತ ಶುರು ಮಾಡಿ. "ನಾನೇ ಹೇಳಿ" ಅಂತ ಬಂದರೆ ನೇರ ವಿಷಯಕ್ಕೆ ಹೋಗಿ.

ರಸ್ತೆಯಲ್ಲಿ ಹೆಸರೂ ಇರುವುದಿಲ್ಲ. ಹಿಂದಿನಿಂದ ನೋಡಿದ್ದೀರಿ, ಹೆಲ್ಮೆಟ್ ಇದೆ, ಬ್ಯಾಗಿನ ಜಿಪ್ ತೆರೆದಿದೆ. ಅಣ್ಣಾ ಅನ್ನಬೇಕೋ ಅಕ್ಕಾ ಅನ್ನಬೇಕೋ? "ಇಲ್ಲಿ ನೋಡಿ, ಜಿಪ್ ತೆಗೆದಿದೆ" ಅಂದರಾಯಿತು. ದರ್ಶಿನಿಯ ಕ್ಯಾಷಿಯರ್‌ಗಳು ಇದರಲ್ಲಿ ಪಳಗಿದವರು. ಯಾರೇ ಬರಲಿ, "ಹೇಳಿ" ಅನ್ನುತ್ತಾರೆ. ಅದರಲ್ಲಿ ಮರ್ಯಾದೆ ಇದೆ, ಗಂಡು ಹೆಣ್ಣು ಇಲ್ಲ. 'ರೀ' ಕೂಡ ಇಬ್ಬರಿಗೂ ಸಲ್ಲುತ್ತದೆ, ಆದರೆ ಬೆಂಗಳೂರಿನಲ್ಲಿ ಅಪರಿಚಿತರನ್ನು "ರೀ!" ಅಂತ ಕೂಗಿದರೆ ಜಗಳಕ್ಕೆ ಬಂದಂತೆ ಕೇಳುತ್ತದೆ. ಧಾರವಾಡದ ಕಡೆಯವರು ಮಾತಿನ ಕೊನೆಗೆ 'ರೀ' ಹಚ್ಚಿದರೆ ಅದು ಮರ್ಯಾದೆ. ಚಿಕ್ಕ ಮಕ್ಕಳಿಗಾದರೆ 'ಪುಟ್ಟ', 'ಮರಿ', 'ಕಂದ'. ಕಟಿಂಗ್ ನೋಡಿ ಗಂಡೋ ಹೆಣ್ಣೋ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಿಜವಾಗಿಯೂ ತಿಳಿಯಲೇಬೇಕಾದ ಸಂದರ್ಭಗಳು ಕಡಿಮೆ. ಬಿಎಂಟಿಸಿ ಕಂಡಕ್ಟರ್‌ಗೆ ಬೇಕಾಗುತ್ತದೆ. 2023 ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಂಗಸರಿಗೂ ಟ್ರಾನ್ಸ್‌ಜೆಂಡರ್ ಜನರಿಗೂ ಶೂನ್ಯ ದರದ ಟಿಕೆಟ್ ಇದೆ. ಆಗಲೂ ಮುಖ ನೋಡಿ ತೀರ್ಮಾನ ಮಾಡುವುದಕ್ಕಿಂತ "ಐಡಿ ತೋರಿಸ್ತೀರಾ?" ಅನ್ನುವುದು ಇಬ್ಬರಿಗೂ ಒಳ್ಳೆಯದು.

ಒಂದು ಮಾತ್ರ ನೆನಪಿರಲಿ. 'ಅವರೇ' ಇರುವುದು ಗೊತ್ತಾಗುವ ತನಕ. ಎದುರಿನವರು ತಮ್ಮನ್ನು ಅಕ್ಕ ಅಂತಲೋ ಮೇಡಂ ಅಂತಲೋ ಹೇಳಿಕೊಂಡ ಮೇಲೂ ನೀವು ಜಾರಿಕೊಳ್ಳುತ್ತಾ ಇದ್ದರೆ, ಅದು ಮರ್ಯಾದೆ ಅಲ್ಲ, ಒಪ್ಪಿಕೊಳ್ಳದೆ ಇರುವುದು. ಟ್ರಾನ್ಸ್ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅವರು ಅಕ್ಕ ಅಂದರೆ ಅಕ್ಕ. ಸಂದೇಹ ಇದ್ದರೆ "ನಿಮ್ಮನ್ನ ಏನಂತ ಕರೀಲಿ?" ಅಂತ ಕೇಳಿಬಿಡಿ. ಈ ಪ್ರಶ್ನೆ ಯಾರಿಗೂ ಚುಚ್ಚುವುದಿಲ್ಲ. "ನೀವು ಗಂಡಾ ಹೆಣ್ಣಾ?" ಚುಚ್ಚುತ್ತದೆ.

ಶಶಿ ಎಂ. ಅವರಿಗೂ ಕೊನೆಗೆ ನಾನು ಹಾಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಟೀಚರ್ ಅನ್ನಿ. ಮೂವತ್ತು ವರ್ಷ ಹಾಗೇ ಕರೆಸಿಕೊಂಡಿದ್ದೀನಿ" ಅಂದರು. ನಮ್ಮ ಕಂಪ್ಯೂಟರಿನಲ್ಲಿ ಹೆಸರಿನ ಹಿಂದೆ ಶ್ರೀ, ಶ್ರೀಮತಿ, ಕುಮಾರಿ ಮೂರರಲ್ಲಿ ಒಂದನ್ನು ಒತ್ತದೆ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಆ ಜಾಗವನ್ನು ಖಾಲಿ ಬಿಡಲು ಬರುವಂತೆ ಮಾಡಿಸಲು ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಫಿಲ್ಟರ್ ರಿಪೇರಿ ಆಗಿತ್ತು.